ಬಿಪಿ ಏರಿತು, ಪೊಟ್ಯಾಸಿಯಂ ಇಳಿಯಿತು: ಜೇಷ್ಠಮಧು ಒಳಗೆ ಮಾಡುವ ಕೆಲಸ

ಬಿಪಿ ಇರುವವರ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್ ಇದ್ದರೆ ತೊಂದರೆಯಿಲ್ಲ. ವಯಸ್ಸಿನಿಂದಲೋ, ತೂಕದಿಂದಲೋ, ಅಪ್ಪ ಅಮ್ಮನಿಂದಲೋ ಬಂದ ಬಿಪಿ ಪೊಟ್ಯಾಸಿಯಂ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಒಬ್ಬರೇ ರೋಗಿಯಲ್ಲಿ ಬಿಪಿ 170 ದಾಟಿದೆ, ಪೊಟ್ಯಾಸಿಯಂ 3ಕ್ಕಿಂತ ಕೆಳಗಿದೆ ಅಂದರೆ ಅದು ಮಾಮೂಲಿ ಬಿಪಿ ಅಲ್ಲ. ಇವೆರಡೂ ಜೊತೆಯಾಗಿ ಬರಲು ಇರುವ ಕಾರಣಗಳು ಕೆಲವೇ. ಅದರಲ್ಲಿ ಒಂದು ಅಡುಗೆಮನೆಯ ಡಬ್ಬಿಯಲ್ಲೋ ಟಾನಿಕ್ ಬಾಟಲಿಯಲ್ಲೋ ಕೂತಿರುತ್ತದೆ.

ಅದು ಜೇಷ್ಠಮಧು. ಕೆಲವರು ಅತಿಮಧುರ ಅನ್ನುತ್ತಾರೆ, ಆಯುರ್ವೇದದ ಲೇಬಲ್‌ಗಳಲ್ಲಿ ಯಷ್ಟಿಮಧು ಅಂತ ಇರುತ್ತದೆ, ಉತ್ತರದವರ ಬಾಯಲ್ಲಿ ಮುಲೇಠಿ. ಗ್ರಂದಿಗೆ ಅಂಗಡಿಯಲ್ಲಿ ಕೇಳಿದರೆ ಬೆರಳು ಗಾತ್ರದ, ಹೊರಗೆ ಕಂದು, ಒಳಗೆ ಹಳದಿ ನಾರಿನ ಒಣ ಬೇರಿನ ತುಂಡುಗಳನ್ನು ಕೊಡುತ್ತಾರೆ. ಜಗಿದರೆ ಮೊದಲು ಮಣ್ಣಿನಂಥ ಒಗರು, ಆಮೇಲೆ ನಾಲಿಗೆಯ ಹಿಂಬದಿಯಲ್ಲಿ ಬಹಳ ಹೊತ್ತು ನಿಲ್ಲುವ ಸಿಹಿ. ಆ ಸಿಹಿ ಸಕ್ಕರೆಯದಲ್ಲ, ಗ್ಲಿಸಿರೈಜಿನ್ ಎಂಬ ವಸ್ತುವಿನದು. ಸಕ್ಕರೆಗಿಂತ 30ರಿಂದ 50 ಪಟ್ಟು ಜಾಸ್ತಿ ಸಿಹಿ. ಗಂಟಲು ಕೆರೆತ, ಒಣ ಕೆಮ್ಮು, ಎದೆ ಉರಿ ಎಲ್ಲದಕ್ಕೂ ನಮ್ಮಲ್ಲಿ ಇದನ್ನು ಕೊಡುತ್ತಾರೆ. ಯುರೋಪಿನಲ್ಲಿ ಇದೇ ಬೇರಿನ ಸಾರ ತೆಗೆದು ಕಪ್ಪು ಮಿಠಾಯಿ ಮಾಡುತ್ತಾರೆ. ನೆದರ್‌ಲ್ಯಾಂಡ್ಸ್, ಫಿನ್‌ಲ್ಯಾಂಡ್, ಐಸ್‌ಲ್ಯಾಂಡ್ ಕಡೆಯ ಜನಕ್ಕೆ ಆ ಮಿಠಾಯಿ ಅಂದರೆ ಪ್ರಾಣ.

ಈ ಕತೆ ಶುರುವಾಗಿದ್ದೂ ನೆದರ್‌ಲ್ಯಾಂಡ್ಸ್‌ನಲ್ಲೇ.

ಹೇರೆನ್‌ವೇನ್ ಎಂಬ ಊರಿನ ಔಷಧಿ ಅಂಗಡಿಯೊಂದರಲ್ಲಿ ಹೊಟ್ಟೆ ಹುಣ್ಣಿಗೆ ಒಂದು ಔಷಧಿ ಸಿಗುತ್ತಿತ್ತು. ಅದರಲ್ಲಿ ಹೆಚ್ಚಿನ ಪಾಲು ಜೇಷ್ಠಮಧುವಿನ ಸಾರ. ಹುಣ್ಣಿಗೆ ಒಳ್ಳೆಯ ಮಾತ್ರೆಗಳೇ ಇಲ್ಲದ ಕಾಲ ಅದು. ಡಾಕ್ಟರ್ ರೆವರ್ಸ್ ಎಂಬುವರು ಅದನ್ನು ತಮ್ಮ ರೋಗಿಗಳಿಗೆ ಕೊಟ್ಟು ನೋಡಿದರು. ಹುಣ್ಣೇನೋ ವಾಸಿಯಾಯಿತು. ಆದರೆ ಐವರಲ್ಲಿ ಒಬ್ಬರಿಗೆ ಮುಖ, ಕಾಲು ಊದಿಕೊಂಡವು, ತಲೆನೋವು ಬಂತು. ಔಷಧಿ ನಿಲ್ಲಿಸಿದರೆ ಊತ ಇಳಿಯುತ್ತಿತ್ತು. ಇದನ್ನು ಅವರು 1946ರಲ್ಲಿ ಬರೆದು ಪ್ರಕಟಿಸಿದರು. ಬೇರು ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ ಅನ್ನುವುದಂತೂ ಸ್ಪಷ್ಟವಾಗಿತ್ತು. ಹೇಗೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೂ ಇರಲಿಲ್ಲ ಬಿಡಿ. ಉಪ್ಪು ಹಿಡಿದಿಡುವ ನಮ್ಮದೇ ಹಾರ್ಮೋನ್ ಆಲ್ಡೋಸ್ಟಿರೋನ್ ಪತ್ತೆಯಾಗಿದ್ದೇ 1953ರಲ್ಲಿ.

ಆ ಹಾರ್ಮೋನ್ ಸಿಕ್ಕಿದ ಮೇಲೆ ಸುಲಭದ ಉತ್ತರವೊಂದು ಹುಟ್ಟಿತು. ಜೇಷ್ಠಮಧುವಿನಲ್ಲಿರುವ ವಸ್ತು ಆಲ್ಡೋಸ್ಟಿರೋನ್ ತರಹವೇ ಇರಬೇಕು, ಅದರ ಜಾಗದಲ್ಲಿ ಕೂತು ಅದರ ಕೆಲಸ ಮಾಡುತ್ತಿರಬೇಕು ಅಂತ. ಕೇಳಲು ಸರಿ ಅನ್ನಿಸುತ್ತದೆ ಅಲ್ವಾ? ಆದರೆ 1950ರ ದಶಕದಲ್ಲೇ ಇದಕ್ಕೆ ಹೊಂದದ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಕಿಡ್ನಿಯ ನೆತ್ತಿಯ ಮೇಲೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆ. ಆಲ್ಡೋಸ್ಟಿರೋನ್ ಬರುವುದು ಅಲ್ಲಿಂದ. ಅಡಿಸನ್ ಕಾಯಿಲೆಯಲ್ಲಿ ಈ ಗ್ರಂಥಿಗಳು ಹಾಳಾಗಿ, ಮೈಯಲ್ಲಿ ಉಪ್ಪು ನಿಲ್ಲದೆ ಬಿಪಿ ಕುಸಿಯುತ್ತದೆ. ಅಂಥವರಿಗೆ ಜೇಷ್ಠಮಧು ಕೊಟ್ಟರೆ ಗ್ರಂಥಿ ಅಷ್ಟಿಷ್ಟು ಕೆಲಸ ಮಾಡುತ್ತಿದ್ದವರು ಸುಧಾರಿಸಿದರು. ಗ್ರಂಥಿಯೇ ಇಲ್ಲದವರಿಗೆ ಏನೂ ಆಗಲಿಲ್ಲ. ಅವರಿಗೆ ಜೊತೆಯಲ್ಲಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಔಷಧಿ ಸ್ವಲ್ಪ ಕೊಟ್ಟಾಗ ಮಾತ್ರ ಬೇರು ಕೆಲಸ ಮಾಡಿತು.

ಬೇರು ತಾನೇ ಹಾರ್ಮೋನ್ ಥರ ಕೆಲಸ ಮಾಡುವುದಾದರೆ ಗ್ರಂಥಿ ಇದ್ದರೇನು, ಇಲ್ಲದಿದ್ದರೇನು? ಅಂದರೆ ಅದು ನಮ್ಮ ಮೈಯಲ್ಲಿ ಮೊದಲೇ ಇರುವ ಇನ್ನೇನನ್ನೋ ಬಳಸಿಕೊಳ್ಳುತ್ತಿದೆ. ಈ ಸುಳಿವು ಮೂವತ್ತು ವರ್ಷ ಹಾಗೇ ಬಿದ್ದಿತ್ತು. 1987ರಲ್ಲಿ ಎಡಿನ್‌ಬರೋದ ಪಾಲ್ ಸ್ಟೀವರ್ಟ್, ಕ್ರಿಸ್ಟೋಫರ್ ಎಡ್ವರ್ಡ್ಸ್ ಮತ್ತು ಸಂಗಡಿಗರು ಆರೋಗ್ಯವಂತರಿಗೆ ಜೇಷ್ಠಮಧು ಮಿಠಾಯಿ ತಿನ್ನಿಸಿ, ಅವರ ಮೂತ್ರ ಪರೀಕ್ಷಿಸಿ, ಗಂಟು ಬಿಡಿಸಿದರು.

ಕಾವಲುಗಾರ ನಿದ್ದೆ ಹೋದರೆ

ನಮ್ಮ ಮೈಯಲ್ಲಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ಇದೆ. ಇದೂ ಅಡ್ರಿನಲ್‌ನಿಂದಲೇ ಬರುವುದು. ಜ್ವರ ಬಂದಾಗ, ಗಾಬರಿಯಾದಾಗ, ಬೆಳಿಗ್ಗೆ ಏಳುವಾಗ ಜಾಸ್ತಿ ಇರುತ್ತದೆ. ಆಲ್ಡೋಸ್ಟಿರೋನ್‌ಗೆ ಹೋಲಿಸಿದರೆ ರಕ್ತದಲ್ಲಿ ಕಾರ್ಟಿಸಾಲ್ ನೂರಾರು ಪಟ್ಟು ಹೆಚ್ಚು.

ಕಿಡ್ನಿಯ ಜೀವಕೋಶದಲ್ಲಿ ಆಲ್ಡೋಸ್ಟಿರೋನ್ ಬಂದು ಕೂರಲು ಒಂದು ಜಾಗವಿದೆ. ಅಲ್ಲಿ ಅದು ಕೂತ ಕೂಡಲೇ ಉಪ್ಪನ್ನು ಹೊರಗೆ ಬಿಡಬೇಡ ಎಂಬ ಆದೇಶ ಹೋಗುತ್ತದೆ. ತೊಂದರೆ ಏನೆಂದರೆ, ಆ ಜಾಗದಲ್ಲಿ ಕಾರ್ಟಿಸಾಲ್ ಕೂಡ ಅಷ್ಟೇ ಚೆನ್ನಾಗಿ ಕೂರಬಲ್ಲದು. ಹಾಗಾದರೆ ನೂರಾರು ಪಟ್ಟು ಹೆಚ್ಚಿರುವ ಕಾರ್ಟಿಸಾಲ್ ಎಲ್ಲ ಜಾಗ ಹಿಡಿದು, ನಮಗೆಲ್ಲರಿಗೂ ಹುಟ್ಟಿನಿಂದಲೇ ಬಿಪಿ ಇರಬೇಕಿತ್ತಲ್ಲ? ಇಲ್ಲ, ಯಾಕೆಂದರೆ ಆ ಜೀವಕೋಶದೊಳಗೆ ಒಂದು ಕಿಣ್ವ ಕಾವಲು ಕೂತಿದೆ. ಮದುವೆ ಮನೆಯ ಊಟದ ಹಾಲ್ ಬಾಗಿಲಲ್ಲಿ ನಿಂತು, ಕರೆದವರನ್ನಷ್ಟೇ ಒಳಗೆ ಬಿಟ್ಟು ಉಳಿದವರನ್ನು ಆಚೆ ಸಾಗಹಾಕುವ ಹಿರಿಯನ ಹಾಗೆ. ಒಳಗೆ ಬಂದ ಕಾರ್ಟಿಸಾಲನ್ನು ಈ ಕಿಣ್ವ ಕಾರ್ಟಿಸೋನ್ ಆಗಿ ಬದಲಾಯಿಸಿಬಿಡುತ್ತದೆ. ಕಾರ್ಟಿಸೋನ್‌ಗೆ ಆ ಜಾಗದಲ್ಲಿ ಕೂರಲು ಬರುವುದಿಲ್ಲ. ಆಲ್ಡೋಸ್ಟಿರೋನ್ ತಂಟೆಗೆ ಮಾತ್ರ ಕಿಣ್ವ ಹೋಗುವುದಿಲ್ಲ. ಕಿಣ್ವದ ಪೂರ್ತಿ ಹೆಸರು ಉದ್ದ, 11 ಬೀಟಾ ಹೈಡ್ರಾಕ್ಸಿಸ್ಟೀರಾಯ್ಡ್ ಡಿಹೈಡ್ರಾಜಿನೇಸ್ ಟೈಪ್ 2. ಹೆಸರು ಮರೆತರೂ ನಷ್ಟವಿಲ್ಲ, ಕೆಲಸ ನೆನಪಿರಲಿ.

ಜೇಷ್ಠಮಧು ತಡೆಯುವುದು ಈ ಕಿಣ್ವವನ್ನು. ನಾವು ನುಂಗಿದ ಗ್ಲಿಸಿರೈಜಿನ್ ಕರುಳಿಗೆ ಇಳಿದಾಗ ಅಲ್ಲಿಯ ಬ್ಯಾಕ್ಟೀರಿಯಾಗಳು ಅದರ ಸಕ್ಕರೆ ಭಾಗವನ್ನು ಕತ್ತರಿಸುತ್ತವೆ. ಉಳಿಯುವುದು ಗ್ಲಿಸಿರೆಟಿನಿಕ್ ಆಮ್ಲ. ಇದು ರಕ್ತಕ್ಕೆ ಸೇರಿ ಕಿಡ್ನಿ ತಲುಪಿ ಕಿಣ್ವವನ್ನು ಸುಮ್ಮನಾಗಿಸುತ್ತದೆ. ಆಮೇಲೆ ಕಾರ್ಟಿಸಾಲ್‌ಗೆ ತಡೆಯೇ ಇಲ್ಲ. ರಕ್ತದಲ್ಲಿ ಅದರ ಮಟ್ಟ ಹೆಚ್ಚಿರಬೇಕು ಅಂತಿಲ್ಲ, ಇರುವಷ್ಟೇ ಧಾರಾಳ ಸಾಕು. ಎಲ್ಲ ಜಾಗಗಳಲ್ಲೂ ಅದೇ ಕೂತು, ಉಪ್ಪು ಹಿಡಿ ಎಂಬ ಆದೇಶವನ್ನು ಹಗಲೂ ರಾತ್ರಿ ಕೊಡುತ್ತಲೇ ಇರುತ್ತದೆ. ಅಡ್ರಿನಲ್ ಇಲ್ಲದವರಲ್ಲಿ ಬೇರು ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಉತ್ತರ ಇದೇ. ಅವರಲ್ಲಿ ಕಾರ್ಟಿಸಾಲೇ ಇರಲಿಲ್ಲ. ಔಷಧಿಯಾಗಿ ಕೊಟ್ಟ ಕಾರ್ಟಿಸೋನನ್ನು ಲಿವರ್ ಕಾರ್ಟಿಸಾಲ್ ಆಗಿ ಬದಲಾಯಿಸಿದ ಮೇಲಷ್ಟೇ ಬೇರಿಗೆ ಕೆಲಸ ಸಿಕ್ಕಿತು.

ಉಪ್ಪು ಹಿಡಿದರೆ ಜೊತೆಗೆ ನೀರೂ ನಿಲ್ಲುತ್ತದೆ, ರಕ್ತದ ಒತ್ತಡ ಏರುತ್ತದೆ. ಇದು ಎಲ್ಲರಿಗೂ ಅರ್ಥವಾಗುವ ಭಾಗ. ಪೊಟ್ಯಾಸಿಯಂ ಯಾಕೆ ಹೋಗಬೇಕು? ಕಿಡ್ನಿಯ ಕೊನೆಯ ನಳಿಕೆಗಳಲ್ಲಿ ಸೋಡಿಯಂ ಒಳಕ್ಕೆ ಹೋದಾಗ ಅದರ ಧನ ವಿದ್ಯುದಂಶವೂ ಅದರೊಂದಿಗೇ ಹೋಗುತ್ತದೆ. ಮೂತ್ರದ ಕಡೆ ಋಣ ಅಂಶ ಹೆಚ್ಚಾಗುತ್ತದೆ. ಆ ಸೆಳೆತಕ್ಕೆ ಸಿಕ್ಕಿ ಜೀವಕೋಶದೊಳಗಿದ್ದ ಪೊಟ್ಯಾಸಿಯಂ ಮೂತ್ರಕ್ಕೆ ಜಾರುತ್ತದೆ. ಆಮ್ಲದ ಅಂಶವೂ ಹಾಗೇ ಹೋಗುವುದರಿಂದ ರಕ್ತ ಸ್ವಲ್ಪ ಕ್ಷಾರದ ಕಡೆ ವಾಲುತ್ತದೆ. ಎಷ್ಟು ಸೋಡಿಯಂ ಉಳಿಸಿಕೊಂಡರೆ ಅದಕ್ಕೆ ತಕ್ಕ ಹಾಗೆ ಪೊಟ್ಯಾಸಿಯಂ ಕಳೆದುಕೊಳ್ಳುವುದು, ಲೆಕ್ಕ ಅಷ್ಟೇ. ಉಪ್ಪು ಜಾಸ್ತಿ ತಿನ್ನುವವರಲ್ಲಿ ಪೊಟ್ಯಾಸಿಯಂ ಇನ್ನೂ ಬೇಗ ಖಾಲಿಯಾಗುವುದು ಇದಕ್ಕೇ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಇಲ್ಲದೆ ಊಟ ಸೇರದವರು ಇದನ್ನು ಗಮನಿಸಬೇಕು.

ಎಷ್ಟು ತಿಂದರೆ ಹೆಚ್ಚು

ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ದಾಟಬೇಡಿ ಅನ್ನುವುದು ಯುರೋಪಿನ ಆಹಾರ ತಜ್ಞರ ಸಮಿತಿ ಹಾಕಿದ ಗೆರೆ. ಈ ಗೆರೆಯೂ ತೀರಾ ಸುರಕ್ಷಿತ ಅಲ್ಲ. ಸ್ವೀಡನ್ನಿನ ಸಂಶೋಧಕರು 28 ಆರೋಗ್ಯವಂತರಿಗೆ ಎರಡು ವಾರ ದಿನಾ ಸರಿಯಾಗಿ 100 ಮಿಲಿಗ್ರಾಂ ಕೊಟ್ಟು ನೋಡಿ 2024ರಲ್ಲಿ ವರದಿ ಮಾಡಿದರು. ಮೇಲಿನ ಬಿಪಿ ಸರಾಸರಿ 3 ಅಂಕದಷ್ಟು ಏರಿತ್ತು. ಮೂರು ಅಂಕ ದೊಡ್ಡದಲ್ಲ, ಆದರೆ ಸರಾಸರಿ ಅಂದ ಮೇಲೆ ಅದಕ್ಕಿಂತ ಎಷ್ಟೋ ಜಾಸ್ತಿ ಏರಿದವರೂ ಅದರಲ್ಲಿರುತ್ತಾರೆ. ಅದಕ್ಕೂ ಮೊದಲು ಐಸ್‌ಲ್ಯಾಂಡಿನಲ್ಲಿ ದಿನಕ್ಕೆ 50ರಿಂದ 200 ಗ್ರಾಂ ಮಿಠಾಯಿ ತಿನ್ನಿಸಿ ಅಳೆದಿದ್ದರು. ಅಲ್ಲಿ ಮಿಠಾಯಿ ಹೆಚ್ಚಿದಂತೆ ಏರಿಕೆಯೂ ಹೆಚ್ಚುತ್ತಾ 3ರಿಂದ 14 ಅಂಕದವರೆಗೆ ಹೋಯಿತು.

ಇದನ್ನು ನಮ್ಮ ಚಮಚಕ್ಕೆ ಇಳಿಸಿ ನೋಡೋಣ. ಔಷಧಿಗೆ ಬಳಸುವ ಒಣ ಬೇರಿನಲ್ಲಿ ಕನಿಷ್ಠ ನೂರಕ್ಕೆ 4ರಷ್ಟು ಗ್ಲಿಸಿರೈಜಿನ್ ಇರಬೇಕು ಅನ್ನುತ್ತದೆ ಯುರೋಪಿನ ಔಷಧ ಸಂಹಿತೆ. ಅಂದರೆ ಎರಡೂವರೆ ಗ್ರಾಂ ಪುಡಿಯಲ್ಲೇ 100 ಮಿಲಿಗ್ರಾಂ. ಚಹಾ ಚಮಚದಲ್ಲಿ ಒಂದು ಚಮಚ ಪುಡಿ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಬೇರನ್ನು ಕುದಿಸಿ ಸೋಸಿ ಕುಡಿದರೆ ಎಲ್ಲವೂ ನೀರಿಗೆ ಇಳಿಯುವುದಿಲ್ಲ. ಪುಡಿಯನ್ನೇ ಜೇನಿನಲ್ಲೋ ಹಾಲಿನಲ್ಲೋ ಕಲಸಿ ನುಂಗಿದರೆ ಪೂರ್ತಿ ಒಳಗೇ. ಬೆಳಿಗ್ಗೆ ಒಂದು, ರಾತ್ರಿ ಒಂದು ಚಮಚ ಅಂದರೆ 200 ಮಿಲಿಗ್ರಾಂ ಆಯಿತು, ಗೆರೆಯ ಎರಡರಷ್ಟು.

ಹಾಗಂತ ನೆಗಡಿಗೆ ಮಾಡುವ ಕಷಾಯದಲ್ಲಿ ಒಂದು ತುಂಡು ಜೇಷ್ಠಮಧು ಬಿದ್ದರೆ ಹೆದರಬೇಕಾಗಿಲ್ಲ. ಕೊತ್ತಂಬರಿ, ಜೀರಿಗೆ, ಮೆಣಸಿನ ಮಧ್ಯೆ ಅದರ ಪಾಲು ಚಿಕ್ಕದು, ಕುಡಿಯುವುದೂ ಮೂರು ನಾಲ್ಕು ದಿನ. ತೊಂದರೆ ಕೊಡುವುದು ಪ್ರಮಾಣ ಮತ್ತು ದಿನಗಳು ಎರಡೂ ಸೇರಿದಾಗ. ಗ್ಲಿಸಿರೆಟಿನಿಕ್ ಆಮ್ಲ ಪಿತ್ತದ ಮೂಲಕ ಮತ್ತೆ ಕರುಳಿಗೆ ಬಂದು, ಮತ್ತೆ ಹೀರಲ್ಪಟ್ಟು, ಹೀಗೆ ಸುತ್ತುತ್ತಿರುತ್ತದೆ. ದಿನಾ ತಿಂದರೆ ಹಿಂದಿನದು ಖಾಲಿಯಾಗುವ ಮೊದಲೇ ಹೊಸದು ಸೇರುತ್ತದೆ. ಮಲಬದ್ಧತೆ ಇರುವವರಲ್ಲಿ ಅದು ಕರುಳಿನಲ್ಲಿ ಇನ್ನೂ ಹೆಚ್ಚು ಹೊತ್ತು ಉಳಿದು ಇನ್ನಷ್ಟು ಹೀರಿಕೆಯಾಗುತ್ತದೆ. ಒಂದೇ ಪ್ರಮಾಣ ತಿಂದ ಇಬ್ಬರಲ್ಲಿ ಒಬ್ಬರಿಗೆ ಏನೂ ಆಗದೆ, ವಯಸ್ಸಾದ ಇನ್ನೊಬ್ಬರು ಆಸ್ಪತ್ರೆ ಸೇರುವುದಕ್ಕೆ ಇದೂ ಒಂದು ಕಾರಣ.

ತೀರಾ ಕೆಟ್ಟದ್ದೂ ಆಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 54 ವರ್ಷದ ಒಬ್ಬರು ತಿನ್ನುತ್ತಿದ್ದ ಹಣ್ಣಿನ ರುಚಿಯ ಕೆಂಪು ಮಿಠಾಯಿ ಬಿಟ್ಟು, ಜೇಷ್ಠಮಧುವಿನ ಕಪ್ಪು ಮಿಠಾಯಿ ಶುರು ಮಾಡಿದರು. ದಿನಕ್ಕೆ ಒಂದೆರಡು ದೊಡ್ಡ ಪ್ಯಾಕೆಟ್, ಸುಮಾರು ಮೂರು ವಾರ. ಒಂದು ದಿನ ಹೋಟೆಲಿನಲ್ಲಿ ಕೂತಲ್ಲೇ ಕುಸಿದರು. ಪೊಟ್ಯಾಸಿಯಂ ತೀರಾ ಇಳಿದು ಹೃದಯದ ಬಡಿತ ಹದ ತಪ್ಪಿತ್ತು, ಉಳಿಯಲಿಲ್ಲ. ಈ ಪ್ರಕರಣದ ವಿವರ 2020ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 40 ದಾಟಿದವರಿಗೆ ಕೊಡುವ ಎಚ್ಚರಿಕೆ ಇನ್ನೂ ಕಡಿಮೆ ಪ್ರಮಾಣದ್ದು: ದಿನಕ್ಕೆ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ, ಎರಡು ವಾರ ತಿಂದರೂ ಹೃದಯದ ಲಯ ತಪ್ಪಬಹುದು. ಅಂದಹಾಗೆ ಅಲ್ಲಿ ಮಾರುವ ಕಪ್ಪು ಮಿಠಾಯಿಗಳಲ್ಲಿ ಹಲವಕ್ಕೆ ಬೇರಿನ ಸಾರವನ್ನೇ ಹಾಕಿರುವುದಿಲ್ಲ, ಬರೀ ಸೋಂಪಿನಂಥ ವಾಸನೆಯ ಎಣ್ಣೆ. ಅದರಿಂದ ಈ ಅಪಾಯ ಇಲ್ಲ.

ಒಂದು ಕೇಸ್ ಬಿಡಿಸಿ ನೋಡೋಣ

ನಮ್ಮಲ್ಲಿ ಇದು ಹೇಗೆ ಬೆಳೆಯಬಹುದು ಅಂತ ನೋಡಲು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ದಾವಣಗೆರೆಯ 64 ವರ್ಷದ ಹೆಂಗಸು. ಬಿಪಿಗೆ ದಿನಾ ಕ್ಲೋರ್ಥಾಲಿಡೋನ್ ಮಾತ್ರೆ, 12.5 ಮಿಲಿಗ್ರಾಂ. ಅದರಲ್ಲಿ ಬಿಪಿ 134ರ ಆಸುಪಾಸು ನಿಂತಿದೆ. ಈ ಮಾತ್ರೆ ಮೂತ್ರದ ಮೂಲಕ ಉಪ್ಪು ಹೊರಹಾಕಿ ಬಿಪಿ ಇಳಿಸುವ ಜಾತಿಯದು. ಇದೂ ಸ್ವಲ್ಪ ಪೊಟ್ಯಾಸಿಯಂ ಕಳೆಯುತ್ತದೆ. ಎದೆ ಉರಿ ಅಂತ ನೆಂಟರೊಬ್ಬರು ಹೇಳಿದ ಮೇಲೆ ಜೇಷ್ಠಮಧು ಪುಡಿ ಶುರು ಮಾಡುತ್ತಾರೆ, ಬೆಳಿಗ್ಗೆ ಸಂಜೆ ಒಂದೊಂದು ಚಮಚ. ಉರಿ ನಿಜಕ್ಕೂ ಕಡಿಮೆಯಾಗುತ್ತದೆ. ಕೆಮ್ಮು ಬಂದಾಗ ತಂದ ಗಿಡಮೂಲಿಕೆ ಟಾನಿಕ್ ಕೆಮ್ಮು ಹೋದ ಮೇಲೂ ಮುಂದುವರಿಯುತ್ತದೆ. ಅದರ ಲೇಬಲ್ಲಿನಲ್ಲೂ ಯಷ್ಟಿಮಧು ಇದೆ.

ಕೆಲವು ವಾರಗಳ ಮೇಲೆ ಸಂಜೆ ಹೊತ್ತು ಪಾದ ಊದುತ್ತದೆ, ತಲೆ ಭಾರ. ಬಿಪಿ 168. ಮಾತ್ರೆ ಸಾಲುತ್ತಿಲ್ಲ ಅಂದುಕೊಂಡು ಅದನ್ನು 25ಕ್ಕೆ ಏರಿಸುತ್ತಾರೆ. ಕೇಸ್ ಕೆಡುವುದು ಈ ಹೆಜ್ಜೆಯಲ್ಲಿ. ಈಗ ಪೊಟ್ಯಾಸಿಯಂ ಎರಡು ದಾರಿಯಲ್ಲಿ ಸೋರುತ್ತಿದೆ. ಕ್ಲೋರ್ಥಾಲಿಡೋನ್ ಹೆಚ್ಚು ಸೋಡಿಯಂ ಅನ್ನು ಕಿಡ್ನಿಯ ಕೊನೆಯ ನಳಿಕೆಗೆ ತಳ್ಳುತ್ತದೆ, ಅಲ್ಲಿ ಕಾದಿರುವ ಕಾರ್ಟಿಸಾಲ್ ಅದನ್ನು ಹಿಡಿದಿಟ್ಟುಕೊಂಡು ಬದಲಿಗೆ ಪೊಟ್ಯಾಸಿಯಂ ಬಿಡುತ್ತದೆ.

ಮುಂದಿನ ಹತ್ತು ಹದಿನೈದು ದಿನದಲ್ಲಿ ಮೀನಖಂಡ ಹಿಡಿದುಕೊಳ್ಳಲು ಶುರು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳಬೇಕು. ಮಣೆ ಮೇಲೆ ಕೂತು ತರಕಾರಿ ಹೆಚ್ಚಿ ಏಳಲು ಹೋದರೆ ತೊಡೆಯಲ್ಲಿ ಕಸುವಿಲ್ಲ, ಗೋಡೆ ಹಿಡಿದು ಏಳಬೇಕು. ಮೆಟ್ಟಿಲು ಹತ್ತುವುದು ಕಷ್ಟ. ಈ ಸೊಂಟದ ಸುತ್ತಲಿನ ಮತ್ತು ತೊಡೆಯ ಬಲಹೀನತೆ ಪೊಟ್ಯಾಸಿಯಂ ಕಡಿಮೆಯಾದದ್ದರ ಬಹಳ ನಂಬಿಕಸ್ಥ ಗುರುತು. ಆದರೆ ಮನೆಯಲ್ಲಿ ಅದಕ್ಕೆ ಇಟ್ಟ ಹೆಸರು ನಿಶ್ಶಕ್ತಿ. ನಿಶ್ಶಕ್ತಿಗೆ ನಮ್ಮೂರ ಕಡೆ ಸಿದ್ಧ ಮದ್ದು ಒಂದಿದೆ, ಗ್ಲೂಕೋಸ್ ಬಾಟಲಿ ಹಾಕಿಸುವುದು.

ಇಲ್ಲಿ ಅದು ದೊಡ್ಡ ಅಪಾಯ. ಗ್ಲೂಕೋಸ್ ರಕ್ತಕ್ಕೆ ಹೋದರೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಜೀವಕೋಶಕ್ಕೆ ಸೇರಿಸುವಾಗ ರಕ್ತದಲ್ಲಿ ಉಳಿದಿರುವ ಅಷ್ಟಿಷ್ಟು ಪೊಟ್ಯಾಸಿಯಂ ಕೂಡ ಒಳಗೆ ತಳ್ಳುತ್ತದೆ. 2.8 ಇದ್ದದ್ದು ಇನ್ನೂ ಕೆಳಗಿಳಿಯುತ್ತದೆ. ಸಲೈನ್ ಹಾಕಿದರೂ ಒಳ್ಳೆಯದಲ್ಲ. ಅದರಲ್ಲಿರುವುದು ಉಪ್ಪು, ಈ ಕಿಡ್ನಿಗೆ ಉಪ್ಪು ಸಿಕ್ಕಷ್ಟೂ ಪೊಟ್ಯಾಸಿಯಂ ಹೋಗುತ್ತದೆ. ಬಾಟಲಿ ಹಾಕಿಸಿಕೊಂಡು ಬಂದ ರಾತ್ರಿಯೇ ಕಾಲು ಎತ್ತಲಾಗದ ಸ್ಥಿತಿಗೆ ಬಂದು, ಎದೆ ಡವಗುಟ್ಟಿ, ನಮ್ಮ ಕಲ್ಪನೆಯ ಈ ಹೆಂಗಸು ದೊಡ್ಡ ಆಸ್ಪತ್ರೆ ಸೇರುತ್ತಾರೆ.

ಅಲ್ಲಿ ಬಿಪಿ 178/98, ಪೊಟ್ಯಾಸಿಯಂ 2.4, ಬೈಕಾರ್ಬನೇಟ್ 34, ಅಂದರೆ ರಕ್ತ ಕ್ಷಾರದ ಕಡೆ ವಾಲಿದೆ. ಇಸಿಜಿಯಲ್ಲಿ ಟಿ ಅಲೆ ಚಪ್ಪಟೆ, ಅದರ ಹಿಂದೆ ಯು ಎಂಬ ಇನ್ನೊಂದು ಪುಟ್ಟ ಉಬ್ಬು. ಕ್ಲೋರ್ಥಾಲಿಡೋನ್‌ನಿಂದ ಪೊಟ್ಯಾಸಿಯಂ ಬಿದ್ದಿದೆ ಅಂತ ಇಲ್ಲಿಗೇ ಕೇಸ್ ಮುಗಿಸಿಬಿಡಬಹುದು. ಬಹಳ ಕಡೆ ಮುಗಿಯುವುದೂ ಇಲ್ಲೇ. ಆದರೆ ಉಪ್ಪು ಹೊರಹಾಕುವ ಮಾತ್ರೆ ಒಂದೇ ಕಾರಣವಾಗಿದ್ದರೆ ಬಿಪಿ ಇಳಿಯಬೇಕಿತ್ತು, ಏರಬಾರದು. ಗಮನವಿಟ್ಟು ನೋಡುವ ವೈದ್ಯರು ಇಲ್ಲಿ ನಿಂತು ಕೇಳುತ್ತಾರೆ.

"ಅಮ್ಮ, ಬೇರೆ ಏನಾದರೂ ಔಷಧಿ ತಗೋತಿದ್ದೀರಾ?"

"ಇಲ್ಲ ಡಾಕ್ಟ್ರೇ, ಬಿಪಿ ಮಾತ್ರೆ ಬಿಟ್ಟರೆ ಬೇರೇನೂ ಇಲ್ಲ."

ಸುಳ್ಳಲ್ಲ ಇದು. ಅವರ ಲೆಕ್ಕದಲ್ಲಿ ಪುಡಿ ಔಷಧಿಯೇ ಅಲ್ಲ. ಪ್ರಶ್ನೆಯನ್ನು ಬದಲಾಯಿಸಬೇಕು. "ಎದೆ ಉರಿಗೆ, ಕೆಮ್ಮಿಗೆ, ಗಂಟಲಿಗೆ ಮನೇಲಿ ಏನು ತಗೋತೀರಾ? ಪುಡಿ, ಕಷಾಯ, ಟಾನಿಕ್, ಚೀಪೋ ಮಾತ್ರೆ?" ಆಗ ಮಗಳು ಬ್ಯಾಗಿನಿಂದ ಡಬ್ಬಿ ತೆಗೆಯುತ್ತಾಳೆ.

ಇನ್ನು ಖಾತ್ರಿ ಮಾಡಿಕೊಳ್ಳುವ ಬಗೆ. ಮೊದಲು ಮೂತ್ರದಲ್ಲಿ ಪೊಟ್ಯಾಸಿಯಂ ನೋಡುತ್ತಾರೆ. ರಕ್ತದಲ್ಲಿ ಕಡಿಮೆ ಇದ್ದಾಗ ಆರೋಗ್ಯವಂತ ಕಿಡ್ನಿ ಪೊಟ್ಯಾಸಿಯಂ ಬಿಡದೆ ಹಿಡಿದಿಡುತ್ತದೆ. ಇಲ್ಲಿ ಮೂತ್ರದಲ್ಲಿ ಧಾರಾಳವಾಗಿ ಹೋಗುತ್ತಿರುತ್ತದೆ. ವಾಂತಿ ಭೇದಿಯಿಂದಲೋ ಊಟ ಸಾಲದೆಯೋ ಕಡಿಮೆಯಾದದ್ದಲ್ಲ, ಕಿಡ್ನಿಯಿಂದಲೇ ಸೋರಿಕೆ ಅಂತ ಅದು ಹೇಳುತ್ತದೆ. ಆಮೇಲಿನದು ರಕ್ತದಲ್ಲಿ ರೆನಿನ್ ಮತ್ತು ಆಲ್ಡೋಸ್ಟಿರೋನ್ ಪರೀಕ್ಷೆ. ರೆನಿನ್ ಅಂದರೆ ಆಲ್ಡೋಸ್ಟಿರೋನ್ ಬೇಕು ಅಂತ ಕಿಡ್ನಿ ರಕ್ತಕ್ಕೆ ಬಿಡುವ ವಸ್ತು. ಇದೇ ತೀರ್ಪು ಕೊಡುವಂಥದ್ದು. ಅಡ್ರಿನಲ್‌ನಲ್ಲಿ ಗೆಡ್ಡೆಯಿದ್ದು ಆಲ್ಡೋಸ್ಟಿರೋನ್ ಜಾಸ್ತಿ ಸುರಿಯುತ್ತಿದ್ದರೆ ಆಲ್ಡೋಸ್ಟಿರೋನ್ ಏರಿರುತ್ತದೆ, ರೆನಿನ್ ಇಳಿದಿರುತ್ತದೆ. ಕಿಡ್ನಿಯ ರಕ್ತನಾಳ ಕಿರಿದಾಗಿದ್ದರೆ ಎರಡೂ ಏರಿರುತ್ತವೆ. ಜೇಷ್ಠಮಧುವಿನಲ್ಲಿ ಎರಡೂ ನೆಲ ಕಚ್ಚಿರುತ್ತವೆ. ಮೈಯಲ್ಲಿ ಉಪ್ಪು ತುಂಬಿದೆ, ಸಾಕು ಅಂತ ದೇಹ ತನ್ನ ಆಲ್ಡೋಸ್ಟಿರೋನ್ ನಿಲ್ಲಿಸಿದೆ, ಆದರೂ ಆಲ್ಡೋಸ್ಟಿರೋನ್ ಕೆಲಸ ನಡೆಯುತ್ತಲೇ ಇದೆ. ಅದನ್ನು ನಡೆಸುತ್ತಿರುವುದು ಕಾರ್ಟಿಸಾಲ್. ಸೌಲಭ್ಯ ಇರುವ ಕಡೆ ಮೂತ್ರದಲ್ಲಿ ಕಾರ್ಟಿಸಾಲ್ ಮತ್ತು ಕಾರ್ಟಿಸೋನ್ ಅನುಪಾತ ನೋಡುತ್ತಾರೆ. ಕಿಣ್ವ ನಿಂತಿದ್ದರೆ ಕಾರ್ಟಿಸಾಲ್ ಪಾಲು ಏರಿರುತ್ತದೆ. ಆದರೆ ಡಬ್ಬಿ ಕೈಗೆ ಸಿಕ್ಕ ಮೇಲೆ ಇಷ್ಟೆಲ್ಲ ಬೇಕಾಗುವುದು ಅಪರೂಪ.

ಚಿಕಿತ್ಸೆ ಸರಳ, ಆದರೆ ನಿಧಾನ. ಪುಡಿ, ಟಾನಿಕ್, ಕ್ಲೋರ್ಥಾಲಿಡೋನ್ ಮೂರನ್ನೂ ನಿಲ್ಲಿಸಬೇಕು. ಪೊಟ್ಯಾಸಿಯಂ ಕ್ಲೋರೈಡ್ ಕೊಡಬೇಕು. ಬಾಯಲ್ಲಾದರೆ ಸಿರಪ್ಪನ್ನು ನೀರಿನಲ್ಲಿ ಬೆರೆಸಿ ಊಟದ ಮೇಲೆ, 2.4ರಂಥ ಮಟ್ಟದಲ್ಲಿ ಇಸಿಜಿ ಹಚ್ಚಿಟ್ಟು ರಕ್ತನಾಳದಲ್ಲಿ ನಿಧಾನವಾಗಿ. ಎಳನೀರು, ಬಾಳೆಹಣ್ಣು ಈ ಹಂತದಲ್ಲಿ ಸಾಲುವುದಿಲ್ಲ. ಕಾರ್ಟಿಸಾಲ್ ಕೂತಿರುವ ಆ ಜಾಗವನ್ನೇ ಮುಚ್ಚುವ ಮಾತ್ರೆ ಸ್ಪೈರೋನೊಲ್ಯಾಕ್ಟೋನ್. ಈ ಕಾಯಿಲೆಗೆ ಸರಿಯಾಗಿ ಹೊಂದುವ ಬಿಪಿ ಮಾತ್ರೆ ಅಂದರೆ ಇದೇ. ಕೊಡುತ್ತಿರುವಾಗ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಬೇರಿನ ಪ್ರಭಾವ ಇಳಿಯುತ್ತಿದ್ದ ಹಾಗೆ ಅದೇ ಮಾತ್ರೆ, ಅದೇ ಸಿರಪ್ ಪೊಟ್ಯಾಸಿಯಂ ಅನ್ನು ಇನ್ನೊಂದು ತುದಿಗೆ ಏರಿಸಬಲ್ಲವು. ಅದೂ ಹೃದಯಕ್ಕೆ ಅಷ್ಟೇ ಕೆಟ್ಟದ್ದು.

ಪೊಟ್ಯಾಸಿಯಂ ಸರಿಹೋಗಲು ಒಂದೆರಡು ವಾರ, ಬಿಪಿ ಇಳಿಯಲು ಕೆಲವೊಮ್ಮೆ ಅದಕ್ಕೂ ಜಾಸ್ತಿ. ಮಲಗಿಬಿಟ್ಟಿದ್ದ ರೆನಿನ್, ಆಲ್ಡೋಸ್ಟಿರೋನ್ ಎದ್ದು ಕೂರಲು ತಿಂಗಳುಗಳೇ ಹಿಡಿಯಬಹುದು. ನಿಲ್ಲಿಸಿದ ನಾಲ್ಕನೇ ದಿನ ಪರೀಕ್ಷೆ ಮಾಡಿಸಿ, ಇನ್ನೂ ಸರಿಯಾಗಿಲ್ಲ, ಹಾಗಾದರೆ ಜೇಷ್ಠಮಧು ಕಾರಣವಲ್ಲ ಅಂತ ತೀರ್ಮಾನಿಸುವುದು ಅವಸರ.

ಜಪಾನಿನಲ್ಲಿ ಇದರ ಇನ್ನೊಂದು ಮುಖ ಕಾಣಿಸುತ್ತದೆ. ಅಲ್ಲಿಯ ಸಾಂಪ್ರದಾಯಿಕ ಕಂಪೋ ಔಷಧಿಗಳಲ್ಲಿ ಬಹಳಷ್ಟಕ್ಕೆ ಜೇಷ್ಠಮಧು ಹಾಕುತ್ತಾರೆ, ವೈದ್ಯರೇ ಚೀಟಿ ಬರೆದುಕೊಡುತ್ತಾರೆ. ಅದರಲ್ಲಿ ಶಾಕುಯಾಕು ಕಾಂಜೋ ತೋ ಎಂಬುದು ಮೀನಖಂಡ ಹಿಡಿದುಕೊಳ್ಳುವುದಕ್ಕೆ ಕೊಡುವ ಔಷಧಿ. ದಿನದ ಪೂರ್ತಿ ಪ್ರಮಾಣದಲ್ಲಿ 6 ಗ್ರಾಂ ಜೇಷ್ಠಮಧು ಇರುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೂ ಮೀನಖಂಡ ಹಿಡಿಯುತ್ತದೆ ಅಲ್ವಾ? ನೋವು ಹೆಚ್ಚಿತು ಅಂತ ವಯಸ್ಸಾದವರು ಔಷಧಿಯನ್ನು ಬಿಡದೆ ಕುಡಿದರೆ, ಔಷಧಿಯೇ ನೋವಿನ ಕಾರಣವಾಗುವ ಸುತ್ತಿನಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿಯ ವೈದ್ಯರಿಗೆ ಇದು ಗೊತ್ತಿರುವುದರಿಂದ ಪೊಟ್ಯಾಸಿಯಂ ಪರೀಕ್ಷಿಸುತ್ತಾ ಕೊಡುವ ರೂಢಿ ಇದೆ. ನಮ್ಮಲ್ಲಿ ಪುಡಿ ಬರುವುದು ಅಂಗಡಿಯಿಂದ ನೇರ ಅಡುಗೆಮನೆಗೆ, ಪರೀಕ್ಷೆಗೆ ಬರೆದುಕೊಡುವವರೇ ಮಧ್ಯದಲ್ಲಿ ಇರುವುದಿಲ್ಲ.

ಯಾರು ಇದನ್ನು ದಿನಾ ತಿನ್ನಲೇಬಾರದು? ಬಿಪಿ ಇರುವವರು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ಭೇದಿ ಮಾತ್ರೆ ರೂಢಿಯಾದವರು. ಹೃದಯಕ್ಕೆ ಕೊಡುವ ಡಿಗಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು, ಪೊಟ್ಯಾಸಿಯಂ ಇಳಿದರೆ ಮಾಮೂಲಿ ಪ್ರಮಾಣದ ಡಿಗಾಕ್ಸಿನ್ನೇ ವಿಷವಾಗಬಹುದು. ಬಸುರಿಯರದ್ದು ಬೇರೆ ಕಾರಣ. ಕಾರ್ಟಿಸಾಲ್ ತಡೆಯುವ ಅದೇ ಕಿಣ್ವ ಮಾಸಿನಲ್ಲೂ ಇದೆ, ತಾಯಿಯ ಕಾರ್ಟಿಸಾಲ್ ಮಗುವಿಗೆ ಹೆಚ್ಚು ಹೋಗದ ಹಾಗೆ ಅಲ್ಲಿ ಕಾಯುತ್ತಿರುತ್ತದೆ. ಕಪ್ಪು ಮಿಠಾಯಿ ಪ್ರಿಯವಾದ ಫಿನ್‌ಲ್ಯಾಂಡಿನಲ್ಲೇ ಬಸುರಿಯರಿಗೆ ಅದನ್ನು ಬಿಡಿ ಅಂತ ಹೇಳುತ್ತಾರೆ.

ಎದೆ ಉರಿಗೆ ಜೇಷ್ಠಮಧುವೇ ಬೇಕು ಅನ್ನುವವರಿಗೆ ಗ್ಲಿಸಿರೈಜಿನ್ ತೆಗೆದು ಮಾಡಿದ ಮಾತ್ರೆಗಳು ಸಿಗುತ್ತವೆ, ಡಿಜಿಎಲ್ ಅಂತ ಹೆಸರು. ಅದರಲ್ಲಿ ಗ್ಲಿಸಿರೈಜಿನ್ ಬಹುಪಾಲು ಹೋಗಿರುವುದರಿಂದ ಬಿಪಿಯ ತೊಂದರೆ ಹೆಚ್ಚುಕಡಿಮೆ ಇರುವುದಿಲ್ಲ. ಟಾನಿಕ್ ಬಾಟಲಿಯ ಲೇಬಲ್ಲಿನಲ್ಲಿ ಮಾತ್ರ ಯಷ್ಟಿಮಧು, ಮಧುಯಷ್ಟಿ, ಮುಲೇಠಿ, ಗ್ಲಿಸಿರೈಜಾ ಗ್ಲಾಬ್ರಾ ಯಾವ ಹೆಸರಿದ್ದರೂ ಬೇರು ಒಂದೇ. ಪಕ್ಕದಲ್ಲಿ ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಅದು ಪುಡಿಯ ತೂಕವೋ ಸಾರದ ತೂಕವೋ ಅನ್ನುವುದನ್ನೂ ನೋಡಿಕೊಳ್ಳಿ. ಸಾರವಾದರೆ ಅಷ್ಟೇ ತೂಕದಲ್ಲಿ ಗ್ಲಿಸಿರೈಜಿನ್ ಹಲವು ಪಟ್ಟು ಜಾಸ್ತಿ ಇರಬಹುದು.